‘ಸರ್ವರ್ ಡೌನ್’ ಎಂದಷ್ಟೇ ಬರೆದರೆ ಸಾಲದು

ಆನ್‌ಲೈನ್ ಅರ್ಜಿಗಳ ಗಡುವು ಸಾಮಾನ್ಯವಾಗಿ ಮಧ್ಯರಾತ್ರಿಯ ಹೊತ್ತಿಗೆ ಮುಗಿಯುತ್ತದೆ. ಗುಂಡ್ಲುಪೇಟೆಯ ಹಳ್ಳಿಗಳ ಮಕ್ಕಳಿಗೆ ಮಾತ್ರ ಅದು ಸೈಬರ್ ಸೆಂಟರ್‌ನ ಶೆಟರ್ ಇಳಿದಾಗಲೇ, ಇಲ್ಲವೇ ಊರಿನ ಕೊನೆಯ ಬಸ್ ಹೊರಟಾಗಲೇ ಮುಗಿದಿರುತ್ತದೆ. ಜನವರಿ, ಫೆಬ್ರುವರಿ ಬಂದರೆ ಸಿಇಟಿ, ಬೆನ್ನಿಗೇ ನೀಟ್. ಕೊನೆಯ ಎರಡು ದಿನ ಪೋರ್ಟಲ್ ತೆವಳುವುದು ಹೊಸದಲ್ಲ. ಆಗ ಪರೀಕ್ಷಾ ಪ್ರಾಧಿಕಾರಕ್ಕೆ ಹೋಗುವ ಇಮೇಲ್ ಹೇಗಿರಬೇಕು ಎಂಬುದನ್ನು ಈಗಲೇ ತಿಳಿದಿರುವುದು ಒಳ್ಳೆಯದು.

ಕೈಕೊಟ್ಟದ್ದು ಯಾವುದು ಎಂಬುದು ಮೊದಲ ಪ್ರಶ್ನೆ. ಸಿಇಟಿ ಅರ್ಜಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆ ಕೊಡಬೇಕು. ಅದನ್ನು ಕಂದಾಯ ಇಲಾಖೆಯ ದಾಖಲೆಯೊಂದಿಗೆ ತಾಳೆ ನೋಡಲಾಗುತ್ತದೆ. ಹಣ ಕಟ್ಟುವುದು ಬ್ಯಾಂಕಿನ ಗೇಟ್‌ವೇ ಮೂಲಕ. ಇವುಗಳಲ್ಲಿ ಯಾವುದು ನಿಂತರೂ ನಾವು ಹೇಳುವುದು ‘ಸರ್ವರ್ ಡೌನ್’ ಎಂದೇ. ಪರದೆಯ ಮೇಲಿನ ಸಾಲು ಹೆಚ್ಚು ಹೇಳುತ್ತದೆ. `502 Bad Gateway` ಅಥವಾ `504 Gateway Time-out` ಬಂದರೆ ತೊಂದರೆ ಆ ಕಡೆಯದು. `ERR_INTERNET_DISCONNECTED` ಬಂದರೆ ನಮ್ಮ ಕಡೆಯ ನೆಟ್ ಹೋಗಿದೆ. ಈ ಎರಡನೆಯ ಸ್ಕ್ರೀನ್‌ಶಾಟ್ ಲಗತ್ತಿಸಿ ಗಡುವು ವಿಸ್ತರಿಸಿ ಎಂದು ಕೇಳಿದರೆ, ನಮ್ಮ ಅರ್ಜಿಗೆ ನಾವೇ ಕಲ್ಲು ಹಾಕಿಕೊಂಡಂತೆ.

ತೆರಕಣಾಂಬಿಯ ವಿದ್ಯಾರ್ಥಿನಿಯೊಬ್ಬಳು ಎಲ್ಲ ವಿವರ ತುಂಬಿ, ಸಂಜೆ ಹಣ ಕಟ್ಟುವಾಗ ಸಿಕ್ಕಿಬಿದ್ದಳು ಎಂದುಕೊಳ್ಳಿ. ಖಾತೆಯಿಂದ ಹಣ ಹೋಗಿದೆ, ಅರ್ಜಿಯಲ್ಲಿ ‘ಪಾವತಿ ಆಗಿಲ್ಲ’ ಎಂದಿದೆ. ‘ಪೋರ್ಟಲ್ ಕೆಲಸ ಮಾಡುತ್ತಿಲ್ಲ, ದಯವಿಟ್ಟು ಸಮಯ ಕೊಡಿ’ ಎಂಬ ಒಂದು ಸಾಲಿನ ಇಮೇಲ್‌ನಿಂದ ಅಲ್ಲಿನ ಸಿಬ್ಬಂದಿ ಏನನ್ನೂ ಹುಡುಕಲಾರರು. ಅವಳು ಹೀಗೆ ಬರೆಯಲಿ:

“ನನ್ನ ಅರ್ಜಿ ಸಂಖ್ಯೆ ವಿಷಯದ ಸಾಲಿನಲ್ಲಿದೆ. ಎಲ್ಲ ಹಂತ ಮುಗಿಸಿ ಇಂದು ಸಂಜೆ 6.40ಕ್ಕೆ ಯುಪಿಐ ಮೂಲಕ ಶುಲ್ಕ ಕಟ್ಟಿದ್ದೇನೆ. ಹಣ ಕಡಿತವಾಗಿದೆ, 12 ಅಂಕಿಯ ಯುಟಿಆರ್ ಸಂಖ್ಯೆ ಕೆಳಗಿದೆ. 6.45 ಮತ್ತು 7.30ಕ್ಕೆ ಪೋರ್ಟಲ್ 504 ದೋಷ ತೋರಿಸಿತು; ಸಮಯ ಮತ್ತು ವಿಳಾಸಪಟ್ಟಿ ಕಾಣುವ ಚಿತ್ರ ಲಗತ್ತಿಸಿದ್ದೇನೆ. ನನ್ನ ಪಾವತಿಯನ್ನು ಪರಿಶೀಲಿಸಿ ಅರ್ಜಿಯನ್ನು ಅಂಗೀಕರಿಸಬೇಕು, ಇಲ್ಲವೇ ಎಲ್ಲ ಅಭ್ಯರ್ಥಿಗಳಿಗೂ ಶುಲ್ಕ ಪಾವತಿಯ ಅವಧಿ ವಿಸ್ತರಿಸಬೇಕು.”

ಕೊನೆಯ ವಾಕ್ಯ ಮುಖ್ಯ. ಒಬ್ಬರಿಗೆ ಮಾತ್ರ ಗಡುವು ಸಡಿಲಿಸುವುದು ಯಾವ ಪ್ರಾಧಿಕಾರಕ್ಕೂ ಕಷ್ಟ, ಮಿಕ್ಕವರು ಸುಮ್ಮನಿರುವುದಿಲ್ಲ. ಎಲ್ಲರಿಗೂ ವಿಸ್ತರಿಸುವುದು ಅಥವಾ ಸಂದಾಯವಾದ ಹಣವನ್ನು ತಾಳೆ ನೋಡುವುದು ಅವರ ಕೈಯಲ್ಲಿದೆ. ಇಮೇಲ್ ಗಡುವಿನ ಒಳಗೇ ಹೋಗಬೇಕು. ಮರುದಿನ ಬೆಳಿಗ್ಗೆ ಕಳಿಸಿದ್ದು ತಡವಾಗಿ ಎಚ್ಚೆತ್ತವರ ನೆಪದಂತೆ ಕಾಣುತ್ತದೆ. ಕೊನೆಯ ದಿನದ ದಟ್ಟಣೆಗೆ ತಾವು ಹೊಣೆಯಲ್ಲ ಎಂಬ ಮಾತು ಅನೇಕ ಅಧಿಸೂಚನೆಗಳಲ್ಲೇ ಇರುತ್ತದೆ. ಹಾಗಾಗಿ ಹಿಂದಿನ ದಿನಗಳಲ್ಲೂ ಪ್ರಯತ್ನಿಸಿದ ಗುರುತಿದ್ದರೆ ಅದನ್ನೂ ಸೇರಿಸಿ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಅವಸರದಲ್ಲಿ ಸೈಬರ್ ಸೆಂಟರ್‌ನವರು ತಮ್ಮದೇ ಇಮೇಲ್, ಮೊಬೈಲ್ ಸಂಖ್ಯೆ ಹಾಕಿಬಿಡುತ್ತಾರೆ. ಆಮೇಲೆ ಒಟಿಪಿ ಹೋಗುವುದೂ ಅವರಿಗೇ, ಉತ್ತರ ಬರುವುದೂ ಅವರಿಗೇ. ವಿದ್ಯಾರ್ಥಿ ತನ್ನ ವಿಳಾಸದಿಂದ ಬರೆದದ್ದು ಅರ್ಜಿಯಲ್ಲಿರುವ ವಿಳಾಸಕ್ಕೆ ಹೊಂದುವುದಿಲ್ಲ. ಪಿಯು ಕಾಲೇಜುಗಳು ಈಗಲೇ ಪ್ರತಿ ವಿದ್ಯಾರ್ಥಿಗೂ ಸ್ವಂತ ಇಮೇಲ್ ಮಾಡಿಸಿದರೆ ಅರ್ಧ ತಲೆನೋವು ಕಳೆಯುತ್ತದೆ.

ಗಡುವು ವಿಸ್ತರಣೆ ಆಗುವುದೇ ಇಲ್ಲ ಎಂದೇನಲ್ಲ. 2024ರ ನೀಟ್ ಅರ್ಜಿಯ ಗಡುವು ಮಾರ್ಚ್ 9ರಿಂದ 16ಕ್ಕೆ ಹೋಯಿತು. ಏಪ್ರಿಲ್ 9 ಮತ್ತು 10ರಂದು ಕಿಟಕಿ ಮತ್ತೆ ತೆರೆಯಿತು. 2025ರ ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಯ ಗಡುವು ಫೆಬ್ರುವರಿ 11ರಿಂದ 18ಕ್ಕೆ, ಅಲ್ಲಿಂದ 21ಕ್ಕೆ ಸರಿಯಿತು. ಆದರೆ ಇಂಥ ಸುದ್ದಿ ಜಾಲತಾಣದ ಪ್ರಕಟಣೆಯಾಗಿ ಬರುತ್ತದೆ, ನಮ್ಮ ಇಮೇಲ್‌ಗೆ ಉತ್ತರವಾಗಿ ಅಲ್ಲ. ಎರಡೇ ದಿನ ತೆರೆದ ಕಿಟಕಿ, ಕಾಡಂಚಿನ ನೆಟ್‌ವರ್ಕ್ ಇಲ್ಲದ ಹಾಡಿಯ ಹುಡುಗನಿಗೆ ಗೊತ್ತಾಗುವ ಹೊತ್ತಿಗೆ ಮುಚ್ಚಿರುತ್ತದೆ. ಇಮೇಲ್ ಕಳಿಸಿದವರು ದಿನವೂ ಜಾಲತಾಣ ನೋಡಬೇಕು. ಆಗದಿದ್ದರೆ ಗ್ರಾಮ ಒನ್ ಕೇಂದ್ರದವರನ್ನೋ ಉಪನ್ಯಾಸಕರನ್ನೋ ಕೇಳುತ್ತಿರಬೇಕು.

ಪ್ರಾಧಿಕಾರಗಳಿಗೂ ಒಂದು ಮಾತು. ಪೋರ್ಟಲ್ ಎಷ್ಟು ಹೊತ್ತು ನಿಂತಿತ್ತು ಎಂಬ ಲೆಕ್ಕ ಅವರ ಸರ್ವರ್‌ನಲ್ಲೇ ಇರುತ್ತದೆ. ಕೊನೆಯ ದಿನ ಇಂತಿಷ್ಟು ಗಂಟೆ ನಿಂತರೆ ಗಡುವು ತಾನಾಗಿ ಇಂತಿಷ್ಟು ದಿನ ಮುಂದೆ ಹೋಗುತ್ತದೆ ಎಂದು ಅಧಿಸೂಚನೆಯಲ್ಲೇ ಬರೆದುಬಿಡಲಿ. ಕೆಇಎ ಮುಂದಿನ ಸಿಇಟಿ ಅಧಿಸೂಚನೆಯಿಂದಲೇ ಇದನ್ನು ಆರಂಭಿಸಬೇಕು.