ಕರಡು ಹೊರಗೆ ಕಳಿಸೋ ಮುನ್ನ: ಹೆಸರು ಅಳಿಸಿದ ಮಾತ್ರಕ್ಕೆ ಗುರುತು ಅಳಿಯಲ್ಲ



ಮಂಜೇಶ್ವರ, ಕಾಸರಗೋಡು ತಾಲೂಕುಗಳ ಕನ್ನಡಿಗರು ಬ್ಯಾಂಕುಗಳಲ್ಲಿ ಅನುಭವಿಸಿದ ಭಾಷೆಯ ತೊಂದರೆಗಳನ್ನು ಒಟ್ಟುಗೂಡಿಸಿ ಒಂದು ಮನವಿ ಸಿದ್ಧ ಮಾಡ್ತಾ ಇದ್ದೇವೆ. ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಕೊಡುವ ಮೊದಲು ಒಬ್ಬ ವಕೀಲರು, ಒಬ್ಬ ನಿವೃತ್ತ ಲೆಕ್ಕಪರಿಶೋಧಕರು ಅದನ್ನು ಓದಬೇಕು. ಇಬ್ಬರೂ ನಮ್ಮ ಊರಿನವರಲ್ಲ, ನಮ್ಮ ತಂಡದವರೂ ಅಲ್ಲ. ಕರಡಿನಲ್ಲಿ ಇರೋದು ಜನ ನಮ್ಮನ್ನು ನಂಬಿ ಕೊಟ್ಟ ಪಾಸ್‌ಬುಕ್ ಪುಟ, ಸಾಲದ ಲೆಕ್ಕ, ಹರಾಜಿನ ನೋಟಿಸು. ಮನೆಯ ಚಿನ್ನ ಹರಾಜಾದ ಸುದ್ದಿ ಪಕ್ಕದ ಮನೆಗೂ ಗೊತ್ತಾಗಬಾರದು ಅಂತ ಬಯಸುವವರು ಇವರು. ಆದ್ದರಿಂದ ಗುರುತು ಮರೆಸಿ ಕಳಿಸೋಣ ಅಂತ ತೀರ್ಮಾನ ಆಯ್ತು. ಹಾಗೆ ಮಾಡಹೊರಟಾಗ ನಾವೇ ಎಡವಿದ್ದನ್ನು ಇಲ್ಲಿ ಬರೀತಿದ್ದೇವೆ. ಜತ್ತ, ಅಕ್ಕಲಕೋಟೆ, ತಾಳವಾಡಿ ಕಡೆಯ ಗೆಳೆಯರೂ ಇಂಥದ್ದೇ ದೂರುಗಳನ್ನು ಸಂಗ್ರಹಿಸ್ತಿದ್ದರೆ ಉಪಯೋಗಕ್ಕೆ ಬರಬಹುದು.

ಮೊದಲ ಸಲ ನಾವು ಮಾಡಿದ್ದು ಬಹಳ ಜನ ಮಾಡೋದನ್ನೇ: ಪಿಡಿಎಫ್‌ನಲ್ಲಿ ಹೆಸರಿನ ಮೇಲೆ ಕಪ್ಪು ಪಟ್ಟಿ ಎಳೆದೆವು. ನೋಡೋಕೆ ಚೆನ್ನಾಗೇ ಇತ್ತು. ಕಳಿಸುವ ಮುಂಚೆ ತಂಡದ ಒಬ್ಬರು ಆ ಪಟ್ಟಿಯ ಮೇಲೆ ಮೌಸ್ ಎಳೆದು, ಕಾಪಿ ಮಾಡಿ, ಖಾಲಿ ಪುಟದಲ್ಲಿ ಅಂಟಿಸಿದರು. ಹೆಸರು, ಖಾತೆ ನಂಬರು ಎಲ್ಲ ಹಾಗೇ ಬಂತು. ಪಟ್ಟಿ ಅಕ್ಷರದ ಮೇಲೆ ಕೂತಿರುತ್ತೆ ಅಷ್ಟೇ, ಅಕ್ಷರ ಕೆಳಗೆ ಜೀವಂತ. ಅಮೆರಿಕದಲ್ಲಿ 2019ರ ಜನವರಿಯಲ್ಲಿ ಪಾಲ್ ಮ್ಯಾನಫೋರ್ಟ್ ಅವರ ವಕೀಲರು ಕೋರ್ಟಿಗೆ ಕೊಟ್ಟ ಕಾಗದದಲ್ಲೂ ಇದೇ ಆಗಿತ್ತು. ಪತ್ರಕರ್ತರು ಕಾಪಿ ಮಾಡಿ ಅಂಟಿಸಿ, ಮುಚ್ಚಿಟ್ಟಿದ್ದನ್ನೆಲ್ಲ ಓದಿಬಿಟ್ಟರು.

ಹಾಗಾಗಿ ಮರೆಸುವ ಕೆಲಸವನ್ನು ಮೂಲ ವರ್ಡ್ ಕಡತದ ಪ್ರತಿಯಲ್ಲೇ ಮಾಡಬೇಕು. ಹೆಸರನ್ನು ನಿಜವಾಗಿಯೂ ತೆಗೆದು ಆ ಜಾಗದಲ್ಲಿ ಸಂಕೇತ ಹಾಕಬೇಕು. ಆಮೇಲೆ Inspect Document ಓಡಿಸಿ ಹಳೇ ತಿದ್ದುಪಡಿ, ಟಿಪ್ಪಣಿ, ಬರೆದವರ ಹೆಸರು ಎಲ್ಲ ತೆಗೆಯಬೇಕು. ಪಿಡಿಎಫ್ ಮಾಡೋದು ಕೊನೆಗೆ. ಪಾಸ್‌ಬುಕ್ಕಿನ ಫೋಟೋಗಳನ್ನು ಪೂರ್ತಿ ತೆಗೆದೇಬಿಟ್ಟೆವು. ವರ್ಡ್‌ನಲ್ಲಿ ಫೋಟೋವನ್ನು ಕತ್ತರಿಸಿದರೂ ಕತ್ತರಿಸಿದ ಭಾಗ ಕಡತದೊಳಗೇ ಉಳಿದಿರಬಹುದು.

ಇನ್ನು ಹೆಸರು ಹುಡುಕುವ ವಿಷಯ. ಇಂಗ್ಲಿಷ್ ಕರಡಾದರೆ Find and Replace ಒಂದೇ ಏಟಿಗೆ ಮುಗಿಸಬಹುದೇನೋ. ನಮ್ಮ ಭಾಷೆಯಲ್ಲಿ ಹೆಸರು ವಿಭಕ್ತಿ ಹಚ್ಚಿಕೊಂಡು ರೂಪ ಬದಲಿಸುತ್ತೆ. 'ಶಂಕರ್' ಅಂತ ಹುಡುಕಿದರೆ 'ಶಂಕರನಿಗೆ', 'ಶಂಕರಣ್ಣನ' ಸಿಗಲ್ಲ. ಮಲಯಾಳಂ ದಾಖಲೆಯಿಂದ ಬಂದ ಇಂಗ್ಲಿಷ್ ಕಾಗದದಲ್ಲಿ ಅದೇ ಮನುಷ್ಯ Sankara ಆಗಿರ್ತಾನೆ, ಕನ್ನಡದವರು ಬರೆದುಕೊಟ್ಟ ಅರ್ಜಿಯಲ್ಲಿ Shankar. ಒಬ್ಬ ಹಿರಿಯರು ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಎರಡು ಪುಟ ಕಳಿಸಿದ್ದರು. ಅದು ಯೂನಿಕೋಡ್ ಅಲ್ಲ, ಕಣ್ಣಿಗೆ ಕನ್ನಡ ಕಂಡರೂ ಹುಡುಕಾಟಕ್ಕೆ ಸಿಗಲೇ ಇಲ್ಲ. ಕಡೆಗೆ ನಾವು ಮಾಡಿದ್ದು ಹೆಸರಿನ ಮೊದಲ ಎರಡಕ್ಷರ ಮಾತ್ರ ಹಾಕಿ ಹುಡುಕೋದು, ನಂತರ ಅಚ್ಚು ಹಾಕಿಸಿ ಪೆನ್ಸಿಲ್ ಹಿಡಿದು ಓದೋದು. ಬೇರೆ ಅಡ್ಡದಾರಿ ಸಿಗಲಿಲ್ಲ.

ಸಂಕೇತವೂ ಸುಳಿವು ಕೊಡಬಾರದು. ಹೆಸರಿನ ಮೊದಲಕ್ಷರ, ಖಾತೆಯ ಕೊನೆಯ ನಾಲ್ಕಂಕಿ ಬೇಡ. ಪಾನ್ ನಂಬರಿನ ಅರ್ಧ ಉಳಿಸೋದೂ ಬೇಡ, ಅದರ ಐದನೇ ಅಕ್ಷರ ಉಪನಾಮದ ಮೊದಲಕ್ಷರ. ಐಎಫ್‌ಎಸ್‌ಸಿ ಕೋಡಿನ ಕೊನೆಯ ಆರು ಅಂಕಿ ಯಾವ ಶಾಖೆ ಅಂತ ಹೇಳಿಬಿಡುತ್ತೆ. ನಾವು ಚೀಟಿ ಎತ್ತಿ 'ದೂ-1', 'ದೂ-2' ಅಂತ ಕೊಟ್ಟೆವು. ಯಾವ ಸಂಕೇತ ಯಾರದ್ದು ಅನ್ನೋ ಪಟ್ಟಿ ಒಂದೇ ಹಾಳೆಯಲ್ಲಿದೆ, ಕೈಬರಹದಲ್ಲಿ, ಒಬ್ಬರ ಬೀರುವಿನಲ್ಲಿ.

ಅಂಕಿಗಳದ್ದೇ ದೊಡ್ಡ ತಲೆನೋವು. ಎಲ್ಲ ಅಳಿಸಿದರೆ ಲೆಕ್ಕಪರಿಶೋಧಕರಿಗೆ ಓದೋಕೆ ಏನೂ ಉಳಿಯಲ್ಲ, ಉಳಿಸಿದರೆ ಆ ಶಾಖೆಯಲ್ಲಿ ಕೂತವರು ಅರ್ಧ ಗಂಟೆಯಲ್ಲಿ ಆಳನ್ನು ಹಿಡೀತಾರೆ. ಕೌಂಟರಿನ ಈಚೆಗೆ ಕೂತು ದುಡಿಯೋ ನಮಗೆ ಅದು ಚೆನ್ನಾಗಿ ಗೊತ್ತು. 'ದೂ-7' ಒಬ್ಬ ಅಜ್ಜಿ. ಅವರಿಗೆ ಓದೋಕೆ ಬರೋದು ಕನ್ನಡ ಒಂದೇ, ಹರಾಜಿನ ನೋಟಿಸು ಬಂದದ್ದು ಮಲಯಾಳಂ ಮತ್ತು ಇಂಗ್ಲಿಷಿನಲ್ಲಿ. ಬಾಕಿ 2,06,140 ರೂಪಾಯಿ, ಚಿನ್ನ ಹರಾಜಾದದ್ದು 2,31,600ಕ್ಕೆ, ಅಜ್ಜಿಗೆ ವಾಪಸ್ ಬರಬೇಕಾದ ಹೆಚ್ಚುವರಿ 25,460 ಅಂತ ಇಟ್ಟುಕೊಳ್ಳಿ. (ನಿಜವಾದ ಅಂಕಿಯನ್ನು ಇಲ್ಲಿ ಬರೆಯೋಷ್ಟು ದಡ್ಡರಲ್ಲ ನಾವು.) ಇಲ್ಲಿ ಓದುವವರಿಗೆ ಬೇಕಿರೋದು ಬಾಕಿಗೂ ಹರಾಜಿನ ಬೆಲೆಗೂ ಇರುವ ಸಂಬಂಧ. ಆದ್ದರಿಂದ ಮೂರನ್ನೂ 0.8ರಿಂದ ಗುಣಿಸಿ ನೂರಕ್ಕೆ ಸರಿಹೊಂದಿಸಿದರೆ 1,64,900, 1,85,300 ಮತ್ತು 20,400 ಬರುತ್ತೆ. ಕಳೆದರೂ ತಾಳೆ ಆಗುತ್ತೆ, ಪ್ರಮಾಣವೂ ಉಳಿಯುತ್ತೆ. ಆದರೆ ಒಂದು ನಿಜವಾದ ಮೊತ್ತ ಗೊತ್ತಿದ್ದವರು ಭಾಗಿಸಿ ಗುಣಕವನ್ನು ಕಂಡುಹಿಡೀಬಹುದು, ಹಾಗಾಗಿ ಒಂದೊಂದು ಪ್ರಕರಣಕ್ಕೆ ಒಂದೊಂದು ಗುಣಕ ಇರಬೇಕು. ಸಾಲಕ್ಕೆ ನಿಯಮದ ಮಿತಿ ಅನ್ವಯ ಆಗೋ ಕಡೆ ಈ ಉಪಾಯ ನಡೆಯಲ್ಲ, ಗುಣಿಸಿದಾಗ ಮೊತ್ತ ಮಿತಿಯ ಆಚೆಗೋ ಈಚೆಗೋ ಜಿಗಿದುಬಿಡಬಹುದು. ಅಲ್ಲಿ 'ಮಿತಿಗಿಂತ ಕಡಿಮೆ' ಅಂತ ಅಕ್ಷರದಲ್ಲೇ ಬರೆದೆವು.

ದಿನಾಂಕಕ್ಕೂ ಇದೇ ರೀತಿ. ನೋಟಿಸು ಮಾರ್ಚ್ 3, ಹರಾಜು ಮಾರ್ಚ್ 17 ಅಂದುಕೊಳ್ಳಿ. ವಕೀಲರಿಗೆ ಬೇಕಾದದ್ದು ನಡುವಿನ 14 ದಿನ. ಮೊದಲು ಎರಡನ್ನೂ 35 ದಿನ ಮುಂದಕ್ಕೆ ತಳ್ಳಿದೆವು: ಏಪ್ರಿಲ್ 7, ಏಪ್ರಿಲ್ 21. ಬ್ಯಾಂಕಿನವರಾಗಿ ನಾಚಿಕೆ ಪಡಬೇಕಾದ ತಪ್ಪು, ಮಾರ್ಚ್ 31 ದಾಟಿ ಹಣಕಾಸು ವರ್ಷವೇ ಬದಲಾಗಿತ್ತು! ಆಮೇಲೆ 28 ದಿನ ಹಿಂದಕ್ಕೆ ಎಳೆದೆವು: ಫೆಬ್ರವರಿ 3 ಮತ್ತು 17. ಪೂರ್ತಿ ವಾರಗಳ ಲೆಕ್ಕದಲ್ಲಿ ಸರಿಸಿದ್ದರಿಂದ ವಾರದ ದಿನ ಬದಲಾಗಲಿಲ್ಲ, ಭಾನುವಾರ ಹರಾಜು ಆಯ್ತೇ ಅಂತ ಯಾರೂ ಕೇಳೋ ಹಾಗಿಲ್ಲ. ಅಂಕಿ, ದಿನಾಂಕ ಬದಲಿಸಿದ್ದೇವೆ, ಪ್ರಮಾಣ ಮತ್ತು ಅಂತರ ಮಾತ್ರ ನಂಬಿ ಅಂತ ಕರಡಿನ ಮೊದಲ ಪುಟದಲ್ಲೇ ಬರೆದೆವು. ಇಲ್ಲದಿದ್ದರೆ ಅವರು ಸುಳ್ಳು ಅಂಕಿಯ ಮೇಲೆ ಅಭಿಪ್ರಾಯ ಕೊಟ್ಟುಬಿಡ್ತಾರೆ.

ಇಷ್ಟೆಲ್ಲ ಆದಮೇಲೆ ಒಂದು ಪರೀಕ್ಷೆ ಮಾಡಿದೆವು. ನಮ್ಮ ತಂಡದವರೇ ಆದ, ಈ ದೂರುಗಳನ್ನು ನೋಡಿರದ ಅಕ್ಕ ಒಬ್ಬರಿಗೆ ಕರಡು ಕೊಟ್ಟು, ಯಾರನ್ನಾದರೂ ಗುರುತಿಸ್ತೀರಾ ಅಂತ ಕೇಳಿದೆವು. ಏಳನೆಯದನ್ನು ಓದಿ, "ಇದು ನಮ್ಮ ಶಾಲೆ ಹಿಂದಿನ ಮನೆಯವರಲ್ವಾ?" ಅಂದರು. ಹೆಸರಿಲ್ಲ, ಊರಿಲ್ಲ, ಮೊತ್ತ ಬೇರೆ. ಆದರೂ 'ಬೀಡಿ ಕಟ್ಟುವ ವಿಧವೆ, ಒಬ್ಬನೇ ಮಗ ಗಲ್ಫಿನಲ್ಲಿ, ಮೊಮ್ಮಗಳ ಮದುವೆಗೆ ಸಾಲ' ಅನ್ನೋ ಒಂದು ಸಾಲು ಉಳಿದಿತ್ತು. ಬೀಡಿ ಕಟ್ಟೋರು ಬೇಕಾದಷ್ಟು, ಗಲ್ಫಿನ ಮಕ್ಕಳೂ ಬೇಕಾದಷ್ಟು. ಮೂರೂ ಸೇರಿದಾಗ ಒಂದೇ ಮನೆ. ವಕೀಲರಿಗೆ ಆ ಮೂರರಲ್ಲಿ ಒಂದೂ ಬೇಕಾಗಿರಲಿಲ್ಲ. 'ಕನ್ನಡ ಮಾತ್ರ ಓದಬಲ್ಲ ಹಿರಿಯ ಮಹಿಳೆ' ಅಂತ ಬದಲಿಸಿದೆವು. ಓದುವವರ ಮನಸ್ಸಿಗೆ ತಟ್ಟುತ್ತೆ ಅಂತ ಆ ಸಾಲನ್ನು ನಾವೇ ಇಷ್ಟಪಟ್ಟು ಬರೆದಿದ್ದೆವು.

ಅಂತಿಮ ಮನವಿಗೆ ನಿಜವಾದ ಹೆಸರು ಬೇಕೇ ಬೇಕು, ಹೆಸರಿಲ್ಲದ ದೂರನ್ನು ತನಿಖೆ ಮಾಡೋಕೆ ಆಗಲ್ಲ. ಅದಕ್ಕೆ ಪ್ರತಿಯೊಬ್ಬರ ಮನೆಗೂ ಮತ್ತೆ ಹೋಗಿ, ಯಾರ ಕೈಗೆ ಏನು ಹೋಗುತ್ತೆ ಅಂತ ಕನ್ನಡದಲ್ಲೇ ಓದಿ ಹೇಳಿ, ಒಪ್ಪಿದವರ ಹೆಸರನ್ನು ಮಾತ್ರ ಬೇರೆ ಲಕೋಟೆಯಲ್ಲಿ ಸೇರಿಸ್ತೇವೆ. ಅಜ್ಜಿ ಇನ್ನೂ ಒಪ್ಪಿಲ್ಲ. ಮಗನನ್ನು ಕೇಳಿ ಹೇಳ್ತೇನೆ ಅಂದಿದ್ದಾರೆ.