ಬರೀ ಲಿಂಕ್ ಬಂದರೆ ಬೈಯಬೇಡಿ, ಕೇಳಿ



ನಮ್ಮ ವಾಟ್ಸಾಪ್ ಗುಂಪಿಗೆ ರಾಯದುರ್ಗದ ಹಿರಿಯರೊಬ್ಬರು ಒಂದು ಲಿಂಕ್ ಹಾಕಿದರು. ಹಿಂದೆ ಮುಂದೆ ಒಂದು ಮಾತೂ ಇಲ್ಲ. ಮಡಕಶಿರದ ತಮ್ಮನೊಬ್ಬ ಕೂಡಲೇ "ಇಂಥದ್ದೆಲ್ಲ ಇಲ್ಲಿ ಹಾಕಬೇಡಿ ಅಂಕಲ್" ಎಂದ. ಇನ್ನಿಬ್ಬರು ನಗುವ ಮುಖ ಒತ್ತಿದರು. ಅಡ್ಮಿನ್ ಆದ ನಾನು ಲಿಂಕ್ ಅಳಿಸಿ, ಕೆಲಸ ಮುಗಿಯಿತು ಎಂದುಕೊಂಡೆ. ಸಂಜೆ ಫೋನ್ ಮಾಡಿದಾಗ ಅವರು ಹೇಳಿದರು: "ನಿಜವೋ ಸುಳ್ಳೋ ಕೇಳೋಣ ಅಂತ ಹಾಕಿದ್ದೆ ಕಣಪ್ಪ. ನನಗೆ ಟೈಪ್ ಮಾಡೋಕೆ ಬರಲ್ಲ."

ನಾವು ಅಳಿಸಿದ್ದು ಅವರ ಪ್ರಶ್ನೆಯನ್ನು. ಲಿಂಕ್ ಮೊದಲು ಬಂದ ಚಾಟಿನಲ್ಲಿ ಹಾಗೇ ಉಳಿದಿತ್ತು. ನಗೆಪಾಟಲಾದವರು ಮತ್ತೆ ನಮ್ಮನ್ನು ಕೇಳುವುದಿಲ್ಲ, ಒಬ್ಬರೇ ಕೂತು ಒತ್ತುತ್ತಾರೆ. ಅದಕ್ಕೇ ಹೇಳುತ್ತೇನೆ, "ಗೊತ್ತಿಲ್ಲದ ಲಿಂಕ್ ಮುಟ್ಟಬೇಡಿ" ಎನ್ನುವುದು ಅರ್ಧ ಬುದ್ಧಿಮಾತು. ಮೊದಲು ಕೇಳಬೇಕಾದದ್ದು: "ಇದು ಏನು? ನಿಮಗೆ ಯಾರು ಕಳಿಸಿದರು?" ಬರೆಯಲು ಬಾರದವರಿಗೆ ವಾಯ್ಸ್ ಮೆಸೇಜ್ ಸಾಕು.

ಆಮೇಲೆ ಲಿಂಕ್ ತೆರೆಯದೆ ವಿಳಾಸ ಓದಿ. ಅವರಿಗೆ ಬಂದದ್ದು ಪಿಎಂ ಕಿಸಾನ್ 2000 ರೂಪಾಯಿ ಕಂತಿನ ಹೆಸರಿನಲ್ಲಿ, ಹೆಚ್ಚುಕಡಿಮೆ ಹೀಗೆ:

```
https://pmkisan.gov.in.labha2000.xyz/kyc
```

ಕಣ್ಣಿಗೆ ಮೊದಲು ಬೀಳುವುದು `gov.in`. ಮೋಸ ಇರುವುದೂ ಅಲ್ಲೇ. `https://` ಆದ ಮೇಲೆ ಬರುವ ಮೊದಲ ಗೆರೆಯವರೆಗಿನ ಭಾಗವನ್ನು ಬಲದಿಂದ ಎಡಕ್ಕೆ ಓದಬೇಕು. ಇಲ್ಲಿ ಕೊನೆಗಿರುವುದು `labha2000.xyz`. ಯಜಮಾನ ಅವನೇ. ಅದರ ಎಡಕ್ಕೆ ಏನು ಬೇಕಾದರೂ ಅಂಟಿಸಿಕೊಳ್ಳಬಹುದು. ನಿಜವಾದ ತಾಣ `pmkisan.gov.in`, ಅಷ್ಟೇ. `https` ಇದ್ದ ಮಾತ್ರಕ್ಕೆ ನಂಬಬೇಡಿ. ದಾರಿಯಲ್ಲಿ ಮಾಹಿತಿಯನ್ನು ಬೇರೆಯವರು ಓದಲಾರರು ಎಂದಷ್ಟೇ ಅದರ ಅರ್ಥ. ಆ ತುದಿಯಲ್ಲಿ ಕೂತವನು ಕಳ್ಳನೂ ಆಗಿರಬಹುದು.

ಈ ಓದಿಗೂ ಮಿತಿ ಇದೆ. `bit.ly` ಥರದ ಚಿಕ್ಕ ಲಿಂಕುಗಳಲ್ಲಿ ನಿಜವಾದ ವಿಳಾಸ ಕಾಣುವುದೇ ಇಲ್ಲ. ಆಗ ಲಿಂಕ್ ಬಿಟ್ಟು, ತಾಣದ ಹೆಸರನ್ನು ನಾವೇ ಟೈಪ್ ಮಾಡಿ ನೋಡುವುದು ಒಳ್ಳೆಯದು.

ಈಗಾಗಲೇ ಒತ್ತಿದ್ದರೆ? ಪುಟ ತೆರೆದು, ಏನೂ ತುಂಬದೆ, ಏನೂ ಇಳಿಸಿಕೊಳ್ಳದೆ ಮುಚ್ಚಿದ್ದರೆ ಸಾಮಾನ್ಯವಾಗಿ ಹೆದರಬೇಕಿಲ್ಲ. ಆದರೆ ಕೊನೆಯಲ್ಲಿ `.apk` ಎಂದಿರುವ ಫೈಲನ್ನು ಹಾಕಿಕೊಂಡು, ಎಸ್ಸೆಮ್ಮೆಸ್ ಓದಲು ಅನುಮತಿ ಕೊಟ್ಟಿದ್ದರೆ, ನಿಮ್ಮ ಓಟಿಪಿ ಅವರ ಕೈಗೂ ಹೋಗುತ್ತದೆ. ಕೂಡಲೇ ನೆಟ್ ಆಫ್ ಮಾಡಿ, ಆ ಆ್ಯಪ್ ತೆಗೆಯಿರಿ. ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಿ, ತಡಮಾಡಬೇಡಿ. ಹಣ ಇನ್ನೊಂದು ಖಾತೆಗೆ ದಾಟುವ ಮುನ್ನ ತಡೆಯಲು ಸಾಧ್ಯವಾಗಬಹುದು.

ಲಿಂಕ್ ಕಳಿಸುವ ನಮಗೂ ಒಂದು ಮಾತು. ಎರಡು ಸಾಲು ಬರೆಯದೆ ಕಳಿಸುವುದು ಸೋಮಾರಿತನ. ಹಿರಿಯರಿಗೆ ಬರೆಯಲು ಬರುವುದಿಲ್ಲ, ಬಿಎಸ್ಸಿ ಓದಿದ ನಮಗೇನಾಗಿದೆ? ಆ ತಮ್ಮ ಮರುದಿನ ಅಂಕಲ್‌ಗೆ ಫೋನ್ ಮಾಡಿ ವಿಳಾಸ ಓದುವುದನ್ನು ಹೇಳಿಕೊಟ್ಟ. ಅಳಿಸಿದ ನಾನೇ ಅದನ್ನು ಮೊದಲು ಮಾಡಬೇಕಿತ್ತು.