ಅಡುಗೆಯವರ ಮೇಲೆ ಬೆರಳು ತೋರಿಸುವ ಮುನ್ನ

ಹಾಸ್ಟೆಲ್‌ನಲ್ಲಿ ಊಟ ಕೆಟ್ಟು ಮಕ್ಕಳು ಆಸ್ಪತ್ರೆ ಸೇರಿದರೆ ಮರುದಿನ ಪತ್ರಿಕೆಯಲ್ಲಿ ಒಂದು ಸಂಖ್ಯೆ ಬರುತ್ತದೆ. 2023ರ ಫೆಬ್ರವರಿಯಲ್ಲಿ ಮಂಗಳೂರಿನ ನರ್ಸಿಂಗ್ ವಿದ್ಯಾರ್ಥಿನಿಯರ ಹಾಸ್ಟೆಲ್ ಸುದ್ದಿಯಲ್ಲಿ ನೂರಕ್ಕೂ ಹೆಚ್ಚು ಎಂದಿತ್ತು. 2024ರ ಏಪ್ರಿಲ್‌ನಲ್ಲಿ ಬೆಂಗಳೂರು ಮೆಡಿಕಲ್ ಕಾಲೇಜಿನ ಹಾಸ್ಟೆಲ್ ಸುದ್ದಿಯಲ್ಲಿ 47 ಎಂದಿತ್ತು. ಆದರೆ ಎಷ್ಟು ಜನರಲ್ಲಿ 47? ಬಂಡವಾಳ ಎಷ್ಟೆಂದು ಹೇಳದೆ ಲಾಭ ಮಾತ್ರ ಹೇಳಿದರೆ ನಾವು ಕಾಮರ್ಸ್‌ನವರು ಒಪ್ಪುವುದಿಲ್ಲ. ಇಲ್ಲಿ ಮಾತ್ರ ಸುಮ್ಮನೆ ಒಪ್ಪಿಬಿಡುತ್ತೇವೆ. ಅಷ್ಟರಲ್ಲಿ ಪಾತ್ರೆಗಳನ್ನು ತೊಳೆದಾಗಿರುತ್ತದೆ, ತಪ್ಪೆಲ್ಲ ಅಡುಗೆಯವರ ತಲೆಗೆ ಬಂದಿರುತ್ತದೆ.

ತನಿಖೆ ಹೇಗಿರಬೇಕು ಎನ್ನುವುದಕ್ಕೆ ವೈದ್ಯಕೀಯ ವಿದ್ಯಾರ್ಥಿಗಳಿಗೆ ಇಂದಿಗೂ ಹೇಳಿಕೊಡುವ ಒಂದು ಹಳೆಯ ಪ್ರಕರಣವಿದೆ. 1940ರ ಏಪ್ರಿಲ್ 18ರಂದು ಅಮೆರಿಕದ ಆಸ್ವೀಗೊ ಜಿಲ್ಲೆಯ ಒಂದು ಹಳ್ಳಿಯ ಚರ್ಚಿನಲ್ಲಿ ರಾತ್ರಿ ಊಟವಿತ್ತು. 80 ಜನ ಬಂದಿದ್ದರು. ಅಧಿಕಾರಿಗಳು ಅವರಲ್ಲಿ 75 ಜನರನ್ನು ಮಾತನಾಡಿಸಿದರು. ಕಾಯಿಲೆ ಬಿದ್ದವರು 46, ಅಂದರೆ ನೂರಕ್ಕೆ 61. ಇದನ್ನೇ ದಾಳಿ ದರ, ಅಟ್ಯಾಕ್ ರೇಟ್ ಎನ್ನುತ್ತಾರೆ. ಇಲ್ಲಿ ಗಮನಿಸಬೇಕಾದದ್ದು ಒಂದೇ: ಆರೋಗ್ಯವಾಗಿದ್ದ 29 ಜನರನ್ನೂ ಅವರು ಕೇಳಿದರು.

ಅದರ ಬೆಲೆ ನೋಡಿ. ಪಾಲಕ್ ತಿಂದವರು 43 ಜನ, ಅವರಲ್ಲಿ 26 ಜನ ಕಾಯಿಲೆ ಬಿದ್ದರು. ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪಾಲಕ್ ತಿಂದಿದ್ದರು ಎಂದಷ್ಟೇ ಕೇಳಿದರೆ ಪಾಲಕ್ಕೇ ಅಪರಾಧಿ ಎನಿಸುತ್ತದೆ. ಆದರೆ ಪಾಲಕ್ ಮುಟ್ಟದ 32 ಜನರಲ್ಲೂ 20 ಜನ ಬಿದ್ದಿದ್ದರು. ತಿಂದವರಲ್ಲಿ ನೂರಕ್ಕೆ 60, ತಿನ್ನದವರಲ್ಲಿ ನೂರಕ್ಕೆ 62. ಪಾಲಕ್ ನಿರ್ದೋಷಿ. ಈಗ ವೆನಿಲಾ ಐಸ್‌ಕ್ರೀಮ್: ತಿಂದ 54ರಲ್ಲಿ 43 ಜನ, ಅಂದರೆ ನೂರಕ್ಕೆ 80. ತಿನ್ನದ 21ರಲ್ಲಿ ಮೂವರು, ಅಂದರೆ ನೂರಕ್ಕೆ 14. ಉತ್ತರ ಸಿಕ್ಕಿತು. ಆ ಮೂವರು ಲೆಕ್ಕಕ್ಕೆ ಕೂಡುವುದಿಲ್ಲ ನಿಜ. ಜನರ ನೆನಪು ತಪ್ಪುತ್ತದೆ, ಒಂದೇ ಚಮಚ ಎರಡು ಪಾತ್ರೆಗೂ ಹೋಗುತ್ತದೆ. ಆದ್ದರಿಂದ ಲೆಕ್ಕ ದಾರಿ ತೋರಿಸುತ್ತದೆ, ಸಾಕ್ಷಿ ಹೇಳಬೇಕಾದದ್ದು ಪ್ರಯೋಗಾಲಯ.

ಎರಡನೆಯದು ಗಡಿಯಾರ. ಯಾರಿಗೆ ಎಷ್ಟು ಗಂಟೆಗೆ ವಾಂತಿ ಶುರುವಾಯಿತು ಎಂದು ಬರೆದು, ಗಂಟೆಗೊಂದು ಕಂಬದಂತೆ ಗ್ರಾಫ್ ಎಳೆಯುತ್ತಾರೆ. ಅಲ್ಲಿ ಹೆಚ್ಚಿನವರು ಆ ಒಂದು ರಾತ್ರಿಯಲ್ಲೇ ಬಿದ್ದಿದ್ದರು. ಕಂಬಗಳು ಸರ್ರನೆ ಏರಿ ಬೇಗ ಇಳಿದರೆ ಎಲ್ಲರಿಗೂ ಒಂದೇ ಮೂಲದಿಂದ, ಒಂದೇ ಹೊತ್ತಿಗೆ ತಗುಲಿದೆ ಎಂದರ್ಥ. ಆದರೆ ಎಂಟು ವರ್ಷದ ಒಬ್ಬ ಹುಡುಗ ಊಟಕ್ಕೂ ಮೊದಲೇ, ಮಧ್ಯಾಹ್ನ 3ಕ್ಕೆ ಬಿದ್ದಿದ್ದ. ವಿಚಾರಿಸಿದರೆ ಅವನು ಬೆಳಿಗ್ಗೆ 11ಕ್ಕೇ ಆ ಐಸ್‌ಕ್ರೀಮ್ ತಿಂದಿದ್ದ! ನಾಲ್ಕು ಗಂಟೆಯ ಅಂತರ. ಉಳಿದವರಲ್ಲೂ ಸುಮಾರು ಅಷ್ಟೇ ಅಂತರವಿತ್ತು.

ಈ ಅಂತರವೇ ರೋಗಾಣುವಿನ ಗುರುತು ಕೊಡುತ್ತದೆ. ಒಂದರಿಂದ ಆರು ಗಂಟೆಯೊಳಗೆ ವಾಂತಿ ಬಂದರೆ ಸ್ಟೆಫೈಲೊಕಾಕಸ್, ಅಥವಾ ಅನ್ನವನ್ನು ಹಾಗೇ ಬಿಟ್ಟಿದ್ದರೆ ಬೆಸಿಲಸ್ ಸೀರಿಯಸ್ ಇರಬಹುದು. ಸಾಲ್ಮೊನೆಲ್ಲಾ ಆದರೆ ಜ್ವರವೂ ಬರುತ್ತದೆ, ಸಾಮಾನ್ಯವಾಗಿ 12ರಿಂದ 36 ಗಂಟೆ ಹಿಡಿಯುತ್ತದೆ. ಆಗ ಕೆಟ್ಟದ್ದು ಈ ರಾತ್ರಿಯ ತಹರಿ ಅಲ್ಲ, ನಿನ್ನೆಯ ಊಟ ಇರಬಹುದು. ನಾವೋ ಕೊನೆಗೆ ತಿಂದದ್ದನ್ನೇ ಬೈಯುತ್ತೇವೆ.

ಆಸ್ವೀಗೊದಲ್ಲಿ ಐಸ್‌ಕ್ರೀಮಿನ ಹಾಲು ಕುದಿಸಿದ ಮಿಶ್ರಣವನ್ನು ಮುಚ್ಚಿದ ಪಾತ್ರೆಯಲ್ಲಿ ಒಂದು ರಾತ್ರಿ ಹಾಗೇ ಬಿಟ್ಟಿದ್ದರು. ಅದರಲ್ಲಿ ಸ್ಟೆಫೈಲೊಕಾಕಸ್ ಸಿಕ್ಕಿತು, ತಯಾರಿಸಿದ ಒಬ್ಬರ ಮೂಗು-ಗಂಟಲಿನಲ್ಲೂ ಸಿಕ್ಕಿತು. ಆರೋಗ್ಯವಂತರಲ್ಲೇ ಸುಮಾರು ಮೂರರಲ್ಲಿ ಒಬ್ಬರ ಮೂಗಿನಲ್ಲಿ ಈ ರೋಗಾಣು ಇರುತ್ತದೆ. ಅದು ಯಾರ ಅಪರಾಧವೂ ಅಲ್ಲ. ಅದು ಬೆಳೆಯುವಷ್ಟು ಹೊತ್ತು ಆಹಾರವನ್ನು ಬೆಚ್ಚಗೆ ಬಿಟ್ಟದ್ದು ತಪ್ಪು. ಒಮ್ಮೆ ವಿಷ ಸೇರಿದರೆ ಮತ್ತೆ ಕುದಿಸಿದರೂ ಹೋಗುವುದಿಲ್ಲ, ರುಚಿಯೂ ವಾಸನೆಯೂ ಬದಲಾಗುವುದಿಲ್ಲ. ಬಡಿಸುವ ಅರ್ಧ ಗಂಟೆ ಮುಂಚೆ ವಾರ್ಡನ್ ರುಚಿ ನೋಡಿದರೆ ಅದು ಗೊತ್ತಾಗದು. ನಮ್ಮ ಜೇವರ್ಗಿ, ಅಫಜಲಪುರ, ಆಳಂದದ ಏಪ್ರಿಲ್ ಬಿಸಿಲಿಗೆ ಅದು ಬೆಳೆಯಲು ಇಡೀ ರಾತ್ರಿಯೂ ಬೇಡ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಪ್ರತಿ ಹೊತ್ತಿನ ಪ್ರತಿ ಪದಾರ್ಥದ ಒಂದು ಬಟ್ಟಲನ್ನು ಮುಚ್ಚಿ, ದಿನಾಂಕ ಬರೆದು, ಮೂರು ದಿನ ಫ್ರಿಜ್‌ನಲ್ಲಿ ಇಡಬೇಕು. ಯಾರಾದರೂ ಕಾಯಿಲೆ ಬಿದ್ದರೆ ಉಳಿದ ಊಟವನ್ನು ಚೆಲ್ಲದೆ ತಾಲ್ಲೂಕು ಆರೋಗ್ಯಾಧಿಕಾರಿಗೆ ತಿಳಿಸಬೇಕು. ಹಿಂದಿನ ಮೂರು ದಿನ ಯಾರು ಏನು ತಿಂದರು, ಎಷ್ಟು ಗಂಟೆಗೆ ಕಾಯಿಲೆ ಬಿದ್ದರು ಎಂದು ಚೆನ್ನಾಗಿರುವವರೂ ಸೇರಿ ಎಲ್ಲ ಮಕ್ಕಳಿಂದ ಬರೆಸಿಕೊಳ್ಳಬೇಕು. ಒಂದು ನೂರು ಪುಟದ ನೋಟ್‌ಬುಕ್ ಸಾಕು. ಆ ಲೆಕ್ಕ ಮುಗಿಯುವ ತನಕ ಅಡುಗೆಯವರನ್ನು ಕೆಲಸದಿಂದ ತೆಗೆಯಬಾರದು. ತೆಗೆದರೆ ಒಂದು ಮನೆಯ ರೊಟ್ಟಿ ಹೋಗುತ್ತದೆ. ನಿಜವಾದ ಕಾರಣ ಮಾತ್ರ ಅಡುಗೆಮನೆಯಲ್ಲೇ ಉಳಿಯುತ್ತದೆ.